‘12.75 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ’ ಅಂದ್ರಿ, ನನಗೆ 65 ಸಾವಿರ ಯಾಕೆ ಬಂತು?

ಸಂಬಳದವರಿಗೆ ಅಂತ ನಾನು 2025-26ರ ಆದಾಯ ತೆರಿಗೆ ಬಗ್ಗೆ ಏಳು ಸ್ಲೈಡ್ ಮಾಡಿ ಹಾಕಿದ್ದೆ. ಸುಲಭವಾಗಿರಲಿ, ಬಸ್ಸಿನಲ್ಲಿ ನಿಂತುಕೊಂಡೇ ಓದುವ ಹಾಗಿರಲಿ ಅನ್ನೋದು ಉದ್ದೇಶ. ಎರಡನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಇತ್ತು: ‘ಸಂಬಳ 12.75 ಲಕ್ಷದೊಳಗೆ ಇದ್ದರೆ ಟ್ಯಾಕ್ಸ್ ಸೊನ್ನೆ.’ ಅದನ್ನು ನೋಡಿ ಉಡುಪಿಯಿಂದ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಬರುವ ಓದುಗರೊಬ್ಬರು ಹೀಗೆ ಬರೆದರು:

“ಸರ್, ಕಳೆದ ಅಕ್ಟೋಬರಿನಲ್ಲಿ ಕಂಪನಿ ಬದಲಿಸಿದೆ. ಹಳೇ ಕಡೆ ತಿಂಗಳಿಗೆ ಒಂದು ಲಕ್ಷ, ಹೊಸ ಕಡೆ ಒಂದು ಲಕ್ಷದ ಇಪ್ಪತ್ತು ಸಾವಿರ. ಎರಡೂ ಕಡೆ ಒಂದು ರೂಪಾಯಿ ಟಿಡಿಎಸ್ ಕಟ್ ಆಗಿಲ್ಲ. ಎರಡು ಫಾರ್ಮ್ 16 ಉಂಟು, ಎರಡರಲ್ಲೂ ಟ್ಯಾಕ್ಸ್ ಸೊನ್ನೆ. ರಿಟರ್ನ್ ಹಾಕಲು ಕೂತರೆ 65,520 ಕಟ್ಟಿ ಅಂತ ಬರ್ತದೆ, ಮೇಲೆ ಬಡ್ಡಿ ಬೇರೆ. ನಿಮ್ಮ ಸ್ಲೈಡ್ ತಪ್ಪಾ, ಪೋರ್ಟಲ್ ತಪ್ಪಾ?”

ಪೋರ್ಟಲ್ ಸರಿ. ಸ್ಲೈಡ್ ಪೂರ್ತಿ ತಪ್ಪಲ್ಲ, ಆದರೆ ಅರ್ಧ ಮಾತ್ರ ಹೇಳಿತ್ತು.

ಮೊದಲು ಎರಡೂ ಕಡೆ ಸೊನ್ನೆ ಹೇಗಾಯಿತು ನೋಡೋಣ. ಹಳೇ ಕಂಪನಿ ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಹಾಕಿತು. ತಿಂಗಳಿಗೆ ಒಂದು ಲಕ್ಷದಂತೆ 12 ಲಕ್ಷ. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11.25 ಲಕ್ಷ. ಹೊಸ ಪದ್ಧತಿಯಲ್ಲಿ ಆದಾಯ 12 ಲಕ್ಷದೊಳಗೆ ಇದ್ದರೆ 87ಎ ರಿಬೇಟ್ ಸಿಗುತ್ತದೆ. ಅಂದರೆ ಟ್ಯಾಕ್ಸ್ ಬರುತ್ತದೆ, ಆದರೆ 60,000 ರೂಪಾಯಿವರೆಗೆ ಅದನ್ನು ಮಾಫಿ ಮಾಡುತ್ತಾರೆ. ಹಾಗಾಗಿ ಟಿಡಿಎಸ್ ಹಿಡಿಯಲಿಲ್ಲ.

ಹೊಸ ಕಂಪನಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ತನ್ನ ಆರು ತಿಂಗಳನ್ನು ಮಾತ್ರ ನೋಡಿತು. 7.20 ಲಕ್ಷ ಸಂಬಳ, ಅದರಲ್ಲಿ ಮತ್ತೊಮ್ಮೆ 75,000 ಕಳೆದು 6.45 ಲಕ್ಷ. ಅಲ್ಲೂ ಸೊನ್ನೆ. ಇವರು ಹಳೇ ಸಂಬಳದ ವಿವರ ಕೊಡಲಿಲ್ಲ, ಅವರೂ ಕೇಳಲಿಲ್ಲ. ಒಂದೇ ವರ್ಷಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡು ಸಲ ಕಳೆದಂತಾಯಿತು, ರಿಬೇಟೂ ಎರಡು ಸಲ ಸಿಕ್ಕಂತಾಯಿತು. ಆದರೆ ಟ್ಯಾಕ್ಸ್ ಇಲಾಖೆ ನೋಡುವುದು ಕಂಪನಿಯನ್ನಲ್ಲ, ನಿಮ್ಮ ಪ್ಯಾನ್ ನಂಬರನ್ನು. ಒಂದು ಪ್ಯಾನ್, ಒಂದು ವರ್ಷ, ಒಂದೇ ಲೆಕ್ಕ.

ಈಗ ಎರಡೂ ಕಡೆಯ ಸಂಬಳ ಕೂಡಿಸಿ. ಆರು ಲಕ್ಷ, ಏಳು ಲಕ್ಷದ ಇಪ್ಪತ್ತು ಸಾವಿರ, ಒಟ್ಟು 13.20 ಲಕ್ಷ. ಒಂದು ಸಲ ಮಾತ್ರ 75,000 ಕಳೆಯಿರಿ: 12.45 ಲಕ್ಷ. 12 ಲಕ್ಷ ದಾಟಿತು, ರಿಬೇಟ್ ಹೋಯಿತು. ಸ್ಲ್ಯಾಬ್ ಪ್ರಕಾರ ಮೊದಲ 4 ಲಕ್ಷಕ್ಕೆ ಏನಿಲ್ಲ, ನಂತರದ 4 ಲಕ್ಷಕ್ಕೆ ಶೇ 5ರಂತೆ 20,000, ಅದರ ನಂತರದ 4 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 45 ಸಾವಿರಕ್ಕೆ ಶೇ 15ರಂತೆ 6,750. ಒಟ್ಟು 66,750.

ಇದು ಅನ್ಯಾಯ ಅಲ್ವಾ? 12 ಲಕ್ಷಕ್ಕಿಂತ 45 ಸಾವಿರ ಜಾಸ್ತಿ ದುಡಿದದ್ದಕ್ಕೆ 66 ಸಾವಿರ ಟ್ಯಾಕ್ಸ್! ಹಾಗಾಗಬಾರದು ಅಂತಲೇ ಮಾರ್ಜಿನಲ್ ರಿಲೀಫ್ ಎಂಬ ನಿಯಮ ಇದೆ. 12 ಲಕ್ಷದ ಮೇಲೆ ಎಷ್ಟು ಜಾಸ್ತಿ ಆಯಿತೋ, ಟ್ಯಾಕ್ಸ್ ಅದಕ್ಕಿಂತ ಜಾಸ್ತಿ ಆಗಬಾರದು. ಹಾಗಾಗಿ 66,750 ಇಳಿದು 45,000 ಆಯಿತು. ಅದಕ್ಕೆ ಶೇ 4 ಸೆಸ್ 1,800 ಸೇರಿ 46,800.

ಹಾಗಾದರೆ 65,520 ಎಲ್ಲಿಂದ ಬಂತು? ನನಗೂ ಮೊದಲು ತಾಳೆ ಆಗಲಿಲ್ಲ. ಎಐಎಸ್ ತೆರೆದು ನೋಡಿ ಅಂದೆ. ಎಐಎಸ್ ಅಂದರೆ ಬ್ಯಾಂಕು, ಕಂಪನಿಗಳು ನಿಮ್ಮ ಬಗ್ಗೆ ಇಲಾಖೆಗೆ ಕೊಟ್ಟ ವಿವರಗಳ ಪಟ್ಟಿ, ಪೋರ್ಟಲ್‌ನಲ್ಲೇ ಸಿಗುತ್ತದೆ. ಅದರಲ್ಲಿ ಬ್ಯಾಂಕ್ ಎಫ್‌ಡಿಯ ಬಡ್ಡಿ 18,000 ಇತ್ತು. “ಅದಕ್ಕೆ ಬ್ಯಾಂಕಿನವರು ಟಿಡಿಎಸ್ ಹಿಡಿದಿಲ್ಲ ಅಲ್ವಾ, ಹಾಗಾದ್ರೆ ಟ್ಯಾಕ್ಸ್ ಇಲ್ಲ ಅಂದುಕೊಂಡೆ” ಅಂದರು. ವರ್ಷಕ್ಕೆ 50,000 ದಾಟುವವರೆಗೆ ಬ್ಯಾಂಕ್ ಟಿಡಿಎಸ್ ಹಿಡಿಯುವುದಿಲ್ಲ. ಅದು ಬ್ಯಾಂಕಿಗೆ ಇರುವ ಮಿತಿ, ನಮಗೆ ಕೊಟ್ಟ ವಿನಾಯಿತಿ ಅಲ್ಲ.

ಆ 18,000 ಸೇರಿದಾಗ ಆದಾಯ 12.63 ಲಕ್ಷ. 12 ಲಕ್ಷದ ಮೇಲೆ 63,000 ಜಾಸ್ತಿ, ಹಾಗಾಗಿ ಟ್ಯಾಕ್ಸ್ 63,000. ಸೆಸ್ 2,520 ಸೇರಿ 65,520. ಲೆಕ್ಕ ಕೂತಿತು. ಆದರೆ ಇಲ್ಲೊಂದು ವಿಚಿತ್ರ ಉಂಟು, ಗಮನಿಸಿ. 18,000 ಬಡ್ಡಿ ಬಂದದ್ದಕ್ಕೆ ಟ್ಯಾಕ್ಸ್ ಏರಿದ್ದು 18,720. ಬಡ್ಡಿ ಪೂರ್ತಿ ಹೋಯಿತು, ಕೈಯಿಂದ 720 ಬೇರೆ ಹೋಯಿತು! ಆದಾಯ 12 ಲಕ್ಷದಿಂದ ಸುಮಾರು 12 ಲಕ್ಷದ 70 ಸಾವಿರದ ನಡುವೆ ಇರುವಾಗ ಹೀಗೇ ಆಗುತ್ತದೆ. ಆ ಗಡಿ ದಾಟಿದ ಮೇಲೆ ಮಾಮೂಲಿ ಸ್ಲ್ಯಾಬ್ ಲೆಕ್ಕ ಶುರುವಾಗುತ್ತದೆ.

ಹಳೇ ಪದ್ಧತಿಗೆ ಹೋದರೆ ಕಮ್ಮಿ ಆಗ್ತದಾ ಅಂತ ಕೇಳಿದರು. ಪಿಎಫ್, ಎಲ್ಐಸಿ ಎಲ್ಲ ಸೇರಿಸಿ 80ಸಿಯಲ್ಲಿ ಒಂದೂವರೆ ಲಕ್ಷ ಪೂರ್ತಿ ತೋರಿಸಿದರೂ ಇವರಿಗೆ ಅಲ್ಲಿ ಟ್ಯಾಕ್ಸ್ ಒಂದೂವರೆ ಲಕ್ಷ ದಾಟುತ್ತದೆ. ಮನೆ ಬಾಡಿಗೆ, ಗೃಹ ಸಾಲ ಎರಡೂ ಇವರಿಗಿಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು.

ಇನ್ನು ಬಡ್ಡಿ. ವರ್ಷದಲ್ಲಿ ಟಿಡಿಎಸ್ ಕಳೆದು 10,000 ಅಥವಾ ಅದಕ್ಕಿಂತ ಜಾಸ್ತಿ ಟ್ಯಾಕ್ಸ್ ಬಾಕಿ ಉಳಿಯುವ ಹಾಗಿದ್ದರೆ ಅದನ್ನು ಮಾರ್ಚ್ 15ರೊಳಗೆ ಕಂತಿನಲ್ಲಿ ಕಟ್ಟಬೇಕಿತ್ತು. ಕಟ್ಟದೆ ಇದ್ದುದಕ್ಕೆ ಎರಡು ಬಡ್ಡಿ. ಮೊದಲನೆಯದು ಕಂತುಗಳು ತಪ್ಪಿದ್ದಕ್ಕೆ, ಎರಡನೆಯದು ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ ತಿಂಗಳಿಗೆ ಶೇ 1ರಂತೆ. ಜುಲೈನಲ್ಲಿ ಕಟ್ಟಿದರೆ ಎರಡೂ ಸೇರಿ ಇವರಿಗೆ ಸುಮಾರು 5,900 ಬರುತ್ತದೆ. ಅಕ್ಟೋಬರಿನಲ್ಲಿ ಹಳೇ ಕಂಪನಿಯ ಸಂಬಳದ ವಿವರ ಹೊಸ ಎಚ್‌ಆರ್‌ಗೆ ಕೊಟ್ಟಿದ್ದರೆ ಇಷ್ಟು ಬಡ್ಡಿ ಬರುತ್ತಿರಲಿಲ್ಲ. ಆ ವಿವರ ಕೊಡುವ ಕಾಗದದ ಹೆಸರು ಫಾರ್ಮ್ 12ಬಿ. ಅದರ ಜೊತೆಗೆ ಎಫ್‌ಡಿ ಬಡ್ಡಿಯನ್ನೂ ಎಚ್‌ಆರ್‌ಗೆ ತಿಳಿಸಿದ್ದರೆ, ಅದೇ 65,520 ಆರು ತಿಂಗಳಲ್ಲಿ ತಿಂಗಳಿಗೆ 10,920ರಂತೆ ಕಟ್ ಆಗಿ ಮುಗಿಯುತ್ತಿತ್ತು. ಟ್ಯಾಕ್ಸ್ ಒಂದು ರೂಪಾಯಿ ಕಮ್ಮಿ ಆಗುತ್ತಿರಲಿಲ್ಲ. ಬಡ್ಡಿ ಉಳಿಯುತ್ತಿತ್ತು, ಮತ್ತೆ ಜುಲೈಯಲ್ಲಿ ಒಮ್ಮೆಲೇ ತಲೆ ಮೇಲೆ ಬೀಳುತ್ತಿರಲಿಲ್ಲ.

“ಹೊಸ ಕಂಪನಿಯ ಫಾರ್ಮ್ 16 ಒಂದನ್ನೇ ತೋರಿಸಿದ್ರೆ?” ಇದನ್ನೂ ಕೇಳಿದರು. ತುಂಬಾ ಜನ ಕೇಳುತ್ತಾರೆ, ಇವರು ಬಾಯಿ ಬಿಟ್ಟು ಕೇಳಿದರು ಅಷ್ಟೇ. ಹಳೇ ಕಂಪನಿ ಕೊಟ್ಟ ಸಂಬಳದ ಲೆಕ್ಕ ಇಲಾಖೆಯಲ್ಲಿ ಇದೆ. ಇವತ್ತಲ್ಲ ನಾಳೆ ತಾಳೆ ನೋಡುತ್ತಾರೆ. ಆಗ ಟ್ಯಾಕ್ಸ್, ಬಡ್ಡಿ ಎರಡೂ ಕಟ್ಟಿ, ಮೇಲೆ ದಂಡಕ್ಕೂ ದಾರಿಯಾಗುತ್ತದೆ. ಬೇಡ ಮಾರಾಯ್ರೆ.

ಸರಿ, ಈಗ ಮಾಡಬೇಕಾದ್ದು. ಇವರಿಗೆ ಸಂಬಳ ಮತ್ತು ಬಡ್ಡಿ ಬಿಟ್ಟರೆ ಬೇರೆ ಆದಾಯ ಇಲ್ಲ, ಹಾಗಾಗಿ ಐಟಿಆರ್-1 ಸಾಕು. ತೆರೆದ ತಕ್ಷಣ ಸಂಬಳದ ಭಾಗದಲ್ಲಿ ಎರಡೂ ಕಂಪನಿಯ ಹೆಸರು ಬಂದಿದೆಯಾ ನೋಡಿ. ಒಂದೇ ಬಂದಿದ್ದರೆ ಇನ್ನೊಂದನ್ನು ಫಾರ್ಮ್ 16 ನೋಡಿ ಕೈಯಿಂದ ಸೇರಿಸಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಒಂದೇ ಸಲ ಇರಬೇಕು. 1,50,000 ಕಂಡರೆ ಅಲ್ಲೇ ನಿಲ್ಲಿಸಿ.

ಹಣ ಕಟ್ಟುವುದು e-Pay Tax ಎಂಬಲ್ಲಿ. ಬಗೆ ಕೇಳಿದಾಗ Self-Assessment Tax ಆರಿಸಬೇಕು, ಅದರ ಕೋಡ್ 300. ಅಲ್ಲೇ ಇರುವ Advance Tax ಒತ್ತಿದರೆ ಹಣ ಬೇರೆ ಬಗೆಯ ಲೆಕ್ಕಕ್ಕೆ ಹೋಗುತ್ತದೆ. ವರ್ಷದ ವಿಷಯದಲ್ಲಿ ಈ ಸಲ ಜಾಸ್ತಿ ಹುಷಾರು ಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಅದರಲ್ಲಿ ‘ಟ್ಯಾಕ್ಸ್ ಇಯರ್’ ಎಂಬ ಹೊಸ ಮಾತಿದೆ. 2025-26ರಲ್ಲಿ ದುಡಿದದ್ದು ಹಳೇ ಕಾಯ್ದೆಯ ಲೆಕ್ಕಕ್ಕೇ ಬರುತ್ತದೆ, ಅದರ ಅಸೆಸ್ಮೆಂಟ್ ಇಯರ್ 2026-27. ಟ್ಯಾಕ್ಸ್ ಇಯರ್ 2026-27 ಅಂದರೆ ಈ ಏಪ್ರಿಲ್‌ನಿಂದ ದುಡಿಯುತ್ತಿರುವ ಸಂಬಳ. ನಂಬರ್ ಒಂದೇ, ವರ್ಷ ಬೇರೆ. ಹಣ ಕಟ್ಟಿದ ಚಲನ್ ಇಳಿಸಿಕೊಂಡು, ಅದರ ಬಿಎಸ್ಆರ್ ಕೋಡ್, ದಿನಾಂಕ, ಚಲನ್ ನಂಬರ್ ರಿಟರ್ನಿನಲ್ಲಿ ಸರಿಯಾಗಿ ಬಂದಿದೆಯಾ ನೋಡಿ. ಬಾಕಿ ಸೊನ್ನೆ ತೋರಿಸಿದ ಮೇಲೆ ಜುಲೈ 31ರೊಳಗೆ ಸಲ್ಲಿಸಿ. ತಪ್ಪಿದರೆ 5,000 ಲೇಟ್ ಫೀ. ಸಲ್ಲಿಸಿ 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ವೆರಿಫೈ ಮಾಡಬೇಕು, ಇಲ್ಲದಿದ್ದರೆ ಸಲ್ಲಿಸಿದ ದಿನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ನನ್ನ ಸ್ಲೈಡ್. ‘ಇದು ಸಾಮಾನ್ಯ ಮಾಹಿತಿ ಮಾತ್ರ, ಸಲಹೆ ಅಲ್ಲ’ ಅಂತ ಕೊನೇ ಸ್ಲೈಡಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದೆ. ಅದು ನನ್ನನ್ನು ಉಳಿಸೋ ಸಾಲು, ಓದುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಈ ಓದುಗರು ಆರನೇ ಸ್ಲೈಡಿನ ಆಚೆ ಹೋಗಿಯೇ ಇರಲಿಲ್ಲ. ಹಾಗಾಗಿ ಎಚ್ಚರಿಕೆಯನ್ನು ಎರಡನೇ ಸ್ಲೈಡಿಗೇ ತಂದೆ, ಆ ದಪ್ಪ ಸಾಲಿನ ಕೆಳಗೇ. ಈಗ ಅದು ಹೀಗಿದೆ:

‘2025-26ರಲ್ಲಿ ಎಲ್ಲ ಕಂಪನಿಗಳಿಂದ ಬಂದ ಒಟ್ಟು ಸಂಬಳ 12.75 ಲಕ್ಷದೊಳಗೆ ಇದ್ದು, ಬೇರೆ ಆದಾಯ ಏನೂ ಇಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ ಸೊನ್ನೆ. ಟ್ಯಾಕ್ಸ್ ಸೊನ್ನೆ ಆದರೂ ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಹಾಕಬೇಕು. ಷೇರು ಅಥವಾ ಜಾಗ ಮಾರಿದವರು, ಆ ವರ್ಷ ಗಲ್ಫಿನಲ್ಲಿದ್ದವರು ಈ ಸಾಲನ್ನು ನಂಬಿ ಕೂರಬೇಡಿ. ನಿಮ್ಮ ಕಾಗದ ನೋಡದೆ ಬರೆದದ್ದು ಇದು. ಸಿಎ ಹತ್ತಿರ ತೋರಿಸಿ.’

ಗಲ್ಫ್ ಯಾಕೆ ಸೇರಿಸಿದೆ ಅಂದರೆ, ಆ ರಿಬೇಟ್ ಸಿಗುವುದು ಇಲ್ಲಿನ ನಿವಾಸಿಗಳಿಗೆ ಮಾತ್ರ. ಷೇರು ಮಾರಿ ಬಂದ ಲಾಭದ ಮೇಲಿನ ಟ್ಯಾಕ್ಸಿಗೂ ಹೊಸ ಪದ್ಧತಿಯ ಈ ರಿಬೇಟ್ ಸಿಗುವುದಿಲ್ಲ. ಒಂದು ಸಾಲಿದ್ದ ಸ್ಲೈಡ್ ಈಗ ತುಂಬಿಹೋಗಿದೆ, ಮೊದಲಿನಷ್ಟು ಚೆಂದ ಕಾಣುವುದೂ ಇಲ್ಲ. ಸ್ಲೈಡಿನ ಆ ಎಚ್ಚರಿಕೆ ಮೇಲಿನ ಲೆಕ್ಕಕ್ಕೂ ಅನ್ವಯ. ಇದು ಒಬ್ಬರ ಕಾಗದ ನೋಡಿ ಮಾಡಿದ್ದು, ನಿಮ್ಮ ಮೊತ್ತ ಬೇರೆ ಇದ್ದರೆ ಉತ್ತರವೂ ಬೇರೆ.