ಕೊನೆಯ ನಲವತ್ತು ಸೆಕೆಂಡು: ಫೋನಿನಲ್ಲಿ ಕೊಟ್ಟ ದರದ ಮಾತು

ತಿಪಟೂರಿನ ಒಂದು ದಿನಸಿ ಅಂಗಡಿ ಅಂದುಕೊಳ್ಳಿ. ಅಂಗಡಿ ಕಲ್ಪನೆಯದು, ಟಿನ್ನಿನ ದರಗಳೂ ಲೆಕ್ಕ ತೋರಿಸಲು ಇಟ್ಟುಕೊಂಡವು. ಹಿನ್ನೆಲೆ ಮಾತ್ರ ನಿಜ. 2025ರ ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಸೆಸ್ಸೆಲ್ಲ ಸೇರಿ ಲೆಕ್ಕ ಹಾಕಿದರೆ ಶೇ. 27.5 ಇದ್ದದ್ದು 16.5ಕ್ಕೆ ಬಂತು. ಹೀಗೆ ಸುಂಕ ಇಳಿದಾಗ ಮೊದಲು ಏಟು ತಿನ್ನುವವನು, ಅದರ ಹಿಂದಿನ ವಾರ ಮಾಲು ತುಂಬಿಸಿಕೊಂಡ ಚಿಲ್ಲರೆ ವ್ಯಾಪಾರಿ.

ನಮ್ಮ ಶೆಟ್ಟರು ಮೇ 24, ಶನಿವಾರ, 60 ಟಿನ್ ಸನ್‌ಫ್ಲವರ್ ಇಳಿಸಿಕೊಂಡಿದ್ದರು. ಟಿನ್ನಿಗೆ ₹2,200, ಮೇಲೆ ಶೇ. 5 ಜಿಎಸ್‌ಟಿ. ಜೂನ್ 5ಕ್ಕೆ ಹೋಲ್‌ಸೇಲ್ ದರ ₹2,090 ಆಯಿತು. ಹಣೆಬರಹ ಎಂದುಕೊಂಡು ಸುಮ್ಮನಾದರು.

ಸೆಪ್ಟೆಂಬರಿನಲ್ಲಿ ಫೋನಿನ ಮೆಮೊರಿ ತುಂಬಿತು. ಆರ್ಡರ್ ತಪ್ಪಾಗಬಾರದೆಂದು ಅವರು ಸಪ್ಲೈಯರ್ ಕರೆಗಳನ್ನು ರೆಕಾರ್ಡ್ ಮಾಡಿಡುತ್ತಿದ್ದರು. ಒಂದೊಂದನ್ನೂ ಕೇಳಿ, ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದು, ಅಳಿಸುತ್ತಾ ಹೋಗುವುದು ಅವರ ಯೋಚನೆ. ಮೇ 22ರ ಸಂಜೆಯ ಕರೆಗೆ ಬರೆದ ಸಾಲು ಹೀಗಿತ್ತು: ‘ಸನ್‌ಫ್ಲವರ್ 60 ಟಿನ್, 2200, ಶನಿವಾರ ಲೋಡ್.’

ಸಾಲಿನಲ್ಲಿ ತಪ್ಪಿಲ್ಲ, ಕರೆಯ ಮುಖ್ಯ ಭಾಗವೂ ಇಲ್ಲ. ಐದು ನಿಮಿಷದ ಕರೆಯಲ್ಲಿ ಮಾಲು, ದರ, ದಿನ ಎಲ್ಲವೂ ಮೊದಲ ಎರಡು ನಿಮಿಷದಲ್ಲೇ ಮುಗಿದುಹೋಗುತ್ತದೆ. ಬರೆಯುವವರು ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಷರತ್ತು ಬರುವುದು ಅದಾದ ಮೇಲೆ, ಮಳೆ, ಮಗಳ ಮದುವೆ ಎಲ್ಲ ಮಾತಾಡಿ ಫೋನಿಡುವ ಹೊತ್ತಿಗೆ. ಶೆಟ್ಟರು ಅಳಿಸುವ ಮುನ್ನ ಕೊನೆಯ ನಲವತ್ತು ಸೆಕೆಂಡು ಕೇಳಿದರು.

“ಡ್ಯೂಟಿ ಇಳಿಸ್ತಾರಂತಲ್ಲಣ್ಣ. ಒಂದು ವಾರ ಬಿಟ್ಟು ತಗೊಳ್ಳೋಣ ಅಂತಿದ್ದೆ.”

“ಏ, ತಗೊಳ್ಳಿ ಶೆಟ್ರೇ. ಬಿಲ್ ಆದ ಹದಿನೈದು ದಿನದೊಳಗೆ ರೇಟ್ ಇಳಿದ್ರೆ, ನಿಮ್ಮಂಗಡೀಲಿ ಉಳಿದಿರೋ ಟಿನ್ನಿಗೆ ಡಿಫರೆನ್ಸ್ ಹಾಕ್ಕೊಡ್ತೀನಿ.”

“ಹಂಗಾದ್ರೆ ಕಳಿಸಿ.”

ಇಲ್ಲಿ ತೂಗಬೇಕಾದ್ದು ಕ್ರಿಯಾಪದವನ್ನು. ‘ಹಾಕ್ಕೊಡ್ತೀನಿ’ ಎಂದರೆ ಒಪ್ಪಿಕೊಂಡ ಮಾತು. ‘ನೋಡೋಣ’, ‘ಏನಾದ್ರೂ ಮಾಡೋಣ ಬಿಡಿ’, ‘ಕಂಪನಿಗೆ ಕೇಳ್ತೀನಿ’ ಇವು ಮರ್ಯಾದೆಯ ಮಾತುಗಳು, ಇವನ್ನು ಹಿಡಿದು ದುಡ್ಡು ಕೇಳಲಾಗದು. ಸಾರಾಂಶದಲ್ಲಿ ಎರಡನ್ನೂ ‘ಡಿಫರೆನ್ಸ್ ಕೊಡ್ತಾರೆ’ ಎಂದೇ ಬರೆದರೆ ನಾಲ್ಕು ತಿಂಗಳ ಮೇಲೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಮಿಕ್ಕ ಕರೆಯನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಿ; ದರದ ವಾಕ್ಯವನ್ನು ಮಾತ್ರ ಆಡಿದವರ ಬಾಯಲ್ಲಿ ಬಂದ ಹಾಗೇ, ಎಷ್ಟನೇ ನಿಮಿಷದಲ್ಲಿ ಬಂತೆಂಬುದರ ಜೊತೆಗೆ ಬರೆಯಿರಿ.

ಎರಡನೆಯದು ಮಾತಿನ ಸಮಯ. ಶೆಟ್ಟರು ಹಿಂದೆಮುಂದೆ ನೋಡಿದರು, ಹೋಲ್‌ಸೇಲಿನವರು ಮಾತು ಕೊಟ್ಟರು, ಅದರ ಮೇಲೆ ಆರ್ಡರ್ ಆಯಿತು. ಆರ್ಡರಿಗೆ ಬದಲಾಗಿ ಬಂದ ಮಾತು ಅದು, ಹಾಗಾಗಿ ಕರಾರಿನ ಭಾಗ. ಬಾಯಿಮಾತಿನ ಕರಾರನ್ನು 1872ರ ಕರಾರು ಕಾಯ್ದೆ ತಳ್ಳಿಹಾಕುವುದಿಲ್ಲ. ಇದೇ ವಾಕ್ಯವನ್ನು ಜೂನ್ 6ರಂದು, ಮಾಲು ಇಳಿದು ಬಿಲ್ ಆದ ಮೇಲೆ ಸಮಾಧಾನಕ್ಕೆಂದು ಹೇಳಿದ್ದರೆ, ಅದಕ್ಕೆ ಪ್ರತಿಯಾಗಿ ಶೆಟ್ಟರು ಕೊಟ್ಟದ್ದು ಏನೂ ಇಲ್ಲ. ಆಗ ವಾದ ನಿಲ್ಲುವುದು ಕಷ್ಟ. ಹಾಗಾಗಿ ಬಿಲ್ಲಿನ ತಾರೀಖನ್ನು ಕರೆಯ ತಾರೀಖಿನ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಮಾತು ಸಿಕ್ಕ ಖುಷಿಯಲ್ಲಿ ಶೆಟ್ಟರು ಮೊದಲು ಹಾಕಿದ ಲೆಕ್ಕ 60 × 110, ಅಂದರೆ ₹6,600. ಅದು ತಪ್ಪು. ಮಾತು ಇದ್ದದ್ದು ‘ಉಳಿದಿರೋ ಟಿನ್ನಿಗೆ’. ದರ ಇಳಿದ ಜೂನ್ 5ರ ಬೆಳಿಗ್ಗೆ ಎಷ್ಟು ಉಳಿದಿತ್ತು ಎಂಬುದನ್ನು ಸೆಪ್ಟೆಂಬರಿನಲ್ಲಿ ಕೂತು ಹಿಂದಕ್ಕೆ ಎಣಿಸಬೇಕು. ಮೇ 24ಕ್ಕೆ ಹಳೆಯ ಮಾಲು 4 ಟಿನ್, ಬಂದದ್ದು 60, ಒಟ್ಟು 64. ಜೂನ್ 4ರವರೆಗಿನ ಬಿಲ್ ಪುಸ್ತಕದ ಪ್ರಕಾರ ಇಡೀ ಟಿನ್ ಮಾರಿದ್ದು 24. ಲೂಸ್ ಮಾರಲು ಒಡೆದದ್ದು 2. ಇದನ್ನು ಬಹಳ ಜನ ಮರೆಯುತ್ತಾರೆ, ಏಕೆಂದರೆ ಒಡೆದ ಟಿನ್ನಿಗೆ ಬಿಲ್ ಇರುವುದಿಲ್ಲ. ಲೀಟರ್ ಲೆಕ್ಕದ ಚಿಲ್ಲರೆ ಮಾರಾಟದಿಂದ ಅದನ್ನು ತೆಗೆಯಬೇಕು. 64ರಲ್ಲಿ 26 ಕಳೆದರೆ 38. ಹಳೆಯ 4 ಮೊದಲು ಹೋಗಿವೆ ಎಂದು ಹಿಡಿದರೆ ಈ 38 ಟಿನ್ನೂ ಮೇ 24ರ ಬಿಲ್ಲಿನವೇ. 38 × 110 = ₹4,180.

ದರ ಇಳಿದದ್ದಕ್ಕೂ ಕಾಗದ ಬೇಕು. ಹೋಲ್‌ಸೇಲಿನವರೇ ಜೂನ್ 5ರಂದು ವಾಟ್ಸಾಪಿನಲ್ಲಿ ಹಾಕಿದ ರೇಟ್ ಪಟ್ಟಿ ಎಲ್ಲಕ್ಕಿಂತ ಒಳ್ಳೆಯದು. ಪಕ್ಕದ ಅಂಗಡಿಯವರು ಬೇರೆಲ್ಲೋ ಕಡಿಮೆಗೆ ತಂದರು ಎನ್ನುವುದು ನಡೆಯುವುದಿಲ್ಲ, ಏಕೆಂದರೆ ಯಾರ ರೇಟು ಎಂದು ಕರೆಯಲ್ಲಿ ಬಿಡಿಸಿ ಹೇಳಿಲ್ಲ. ಆ ಅನುಮಾನಕ್ಕೆ ಜಾಗವಿಲ್ಲದ ಪುರಾವೆ ಅವರದೇ ಪಟ್ಟಿ.

ಇನ್ನು ತೆರಿಗೆ. ವ್ಯತ್ಯಾಸವನ್ನು ಹೋಲ್‌ಸೇಲಿನವರು ಎರಡು ಬಗೆಯಲ್ಲಿ ಕೊಡಬಹುದು. ಜಿಎಸ್‌ಟಿ ಸೇರಿಸಿ ಕ್ರೆಡಿಟ್ ನೋಟ್ ಕೊಟ್ಟರೆ ₹4,180ರ ಜೊತೆ ₹209 ತೆರಿಗೆ ಸೇರಿ ₹4,389 ಖಾತೆಗೆ ಜಮೆ. ಆದರೆ ಶೆಟ್ಟರು ಮೇ ಬಿಲ್ಲಿನ ಮೇಲೆ ತೆಗೆದುಕೊಂಡಿದ್ದ ಇನ್‌ಪುಟ್ ಕ್ರೆಡಿಟ್ಟಿನಲ್ಲಿ ₹209 ವಾಪಸ್ ಮಾಡಬೇಕು. ತೆರಿಗೆ ಮುಟ್ಟದ ಬರೀ ವ್ಯಾಪಾರದ ಕ್ರೆಡಿಟ್ ನೋಟ್ ಆದರೆ ₹4,180 ಜಮೆ, ವಾಪಸ್ ಮಾಡುವುದು ಏನೂ ಇಲ್ಲ. ಶೆಟ್ಟರ ಕೈಗೆ ಎರಡರಲ್ಲೂ ಅಷ್ಟೇ. ಆದ್ದರಿಂದ ₹209ಕ್ಕಾಗಿ ಜಗಳ ಬೇಡ. ಕಂಪೋಸಿಷನ್‌ನಲ್ಲಿರುವ ಅಂಗಡಿಗಾದರೆ ಇನ್‌ಪುಟ್ ಕ್ರೆಡಿಟ್ಟೇ ಇಲ್ಲ, ಅವರಿಗೆ ₹209 ನಿಜವಾದ ದುಡ್ಡು. ಅವರು ಜಿಎಸ್‌ಟಿ ಸಹಿತ ನೋಟನ್ನೇ ಕೇಳಬೇಕು. ಮೇ 2025ರ ಬಿಲ್ಲಿಗೆ ಅಂಥ ನೋಟನ್ನು ರಿಟರ್ನಿನಲ್ಲಿ ತೋರಿಸಲು 2026ರ ನವೆಂಬರ್ 30ರವರೆಗೆ ಅವಕಾಶ. ನೋಟಿನಲ್ಲಿ ಮೇ 24ರ ಬಿಲ್ ನಂಬರ್ ಬರೆಸಿಕೊಳ್ಳಿ.

ರೆಕಾರ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಬೇಕಾದ ನಲವತ್ತು ಸೆಕೆಂಡು ಕತ್ತರಿಸಿಟ್ಟುಕೊಂಡು ಮಿಕ್ಕದ್ದನ್ನು ಅಳಿಸಿದರೆ, ‘ಹಿಂದೆ ಮುಂದೆ ಏನಿತ್ತೋ’ ಎಂದು ಕೇಳಿದವರಿಗೆ ಉತ್ತರವಿಲ್ಲ. ಪೂರ್ತಿ ಫೈಲನ್ನು ಅದು ಇರುವ ಫೋನಿನಲ್ಲೇ ಬಿಡಿ, ಒಂದು ಪ್ರತಿಯನ್ನು ಬೇರೆಡೆ ಇಡಿ. ಕೋರ್ಟಿನವರೆಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ನಾಲ್ಕು ಸಾವಿರಕ್ಕೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ, ಹೋಗಲೂಬಾರದು. ಮೊದಲ ಮಾತಿಗೇ ರೆಕಾರ್ಡಿಂಗ್ ಕೇಳಿಸುವುದೂ ಬೇಡ. ಹತ್ತು ವರ್ಷದ ವ್ಯವಹಾರದಲ್ಲಿ ಅದು ಪೊಲೀಸ್ ಠಾಣೆಯ ವಾಸನೆ ಹೊಡೆಯುತ್ತದೆ.

ಶೆಟ್ಟರು ಹಾಗೇ ಮಾಡಿದರು. ಬಿಲ್ ನಂಬರ್, ರೇಟ್ ಪಟ್ಟಿ, 64–26=38ರ ಲೆಕ್ಕ ಒಂದೇ ಹಾಳೆಯಲ್ಲಿ ಬರೆದು ಕಳಿಸಿ ಫೋನ್ ಮಾಡಿದರು.

“ಅಣ್ಣಾ, ಮೇ ಇಪ್ಪತ್ತೆರಡಕ್ಕೆ ಡಿಫರೆನ್ಸ್ ಹಾಕ್ಕೊಡ್ತೀನಿ ಅಂದಿದ್ರಿ. ನಾನೂ ಮರ್ತಿದ್ದೆ, ನೀವೂ ಮರ್ತಿದ್ರಿ.”

ಆ ಕಡೆ ಸ್ವಲ್ಪ ಹೊತ್ತು ಮೌನ. “ಅಂದಿದ್ದೆ ಅನ್ಸುತ್ತೆ. ಅರವತ್ತಕ್ಕೂ ಕೇಳ್ತಿಲ್ವಲ್ಲ ನೀವು?”

“ಉಳಿದಿದ್ದು ಮೂವತ್ತೆಂಟೇ.”

“ಸರಿ, ಮುಂದಿನ ಬಿಲ್ಲಲ್ಲಿ ಕಳೀತೀನಿ.”

ಅದು ಬೇಡ, ಬೇರೆ ನೋಟೇ ಕೊಡಿ ಎಂದರು ಶೆಟ್ಟರು. ಮುಂದಿನ ಬಿಲ್ಲಿನ ದರದಲ್ಲಿ ಕಳೆದುಬಿಟ್ಟರೆ ಅದು ಮೇ ತಿಂಗಳ ಬಾಕಿಯೋ ಆ ದಿನದ ದರವೋ ಎಂದು ಪುಸ್ತಕದಲ್ಲಿ ಬೇರ್ಪಡಿಸಲಾಗದು. ಫೋನಿಟ್ಟ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದರು: ‘ಸೆ. 18, 2ನೇ ನಿಮಿಷ: “ಸರಿ, ಬೇರೆ ನೋಟ್ ಕಳಿಸ್ತೀನಿ.” ₹4,180. ಬಂದಿಲ್ಲ.’ ಕೊನೆಯ ಪದವನ್ನು ಪೆನ್ಸಿಲ್‌ನಲ್ಲಿ ಬರೆದಿದ್ದರು.