ಪವರ್ ಸ್ವಿಚ್ಚಿನ ಸಣ್ಣ ತಂತಿಗಳು ಮದರ್‌ಬೋರ್ಡಿನ ಯಾವ ಪಿನ್‌ಗೆ ಸೇರಬೇಕು?

ಪ್ರಶ್ನೆ: ಹೊಸ ಕಂಪ್ಯೂಟರನ್ನು ನಾನೇ ಜೋಡಿಸುತ್ತಿದ್ದೇನೆ. ಕ್ಯಾಬಿನೆಟ್‌ನ ಮುಂಭಾಗದಿಂದ ಐದು ಸಣ್ಣ ಕನೆಕ್ಟರ್‌ಗಳು ಬಂದಿವೆ: ಪವರ್ ಸ್ವಿಚ್, ರೀಸೆಟ್ ಸ್ವಿಚ್, ಹಾರ್ಡ್‌ಡಿಸ್ಕ್ ದೀಪ, ಮತ್ತು ಪವರ್ ದೀಪದ ಪ್ಲಸ್ ಹಾಗೂ ಮೈನಸ್ ಎಂದು ಎರಡು ಬಿಡಿ ತುಂಡುಗಳು. ಮದರ್‌ಬೋರ್ಡಿನಲ್ಲಿ ಒಂಬತ್ತು ಪಿನ್‌ಗಳಿವೆ, ಆದರೆ ಕನೆಕ್ಟರ್‌ಗಳಲ್ಲಿರುವುದು ಒಟ್ಟು ಎಂಟೇ ರಂಧ್ರಗಳು. ಯಾವುದನ್ನು ಎಲ್ಲಿಗೆ ಹಾಕಬೇಕು? ತಿರುವುಮುರುವಾದರೆ ಬೋರ್ಡ್ ಸುಟ್ಟುಹೋಗುತ್ತದೆಯೇ?

ಉತ್ತರ: ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ಈ ಪಿನ್‌ಗಳ ಗುಂಪಿನಲ್ಲಿ ಸಾಲಿಗೆ ಐದರಂತೆ ಎರಡು ಸಾಲುಗಳಿದ್ದು, ಒಂದು ಮೂಲೆಯ ಪಿನ್ನನ್ನು ಬೇಕೆಂದೇ ಇಟ್ಟಿರುವುದಿಲ್ಲ. ಉಳಿಯುವ ಒಂಬತ್ತರಲ್ಲಿ ಎಂಟು ನಿಮ್ಮ ತಂತಿಗಳಿಗೆ, ಒಂದು ಯಾವುದಕ್ಕೂ ಅಲ್ಲ. ಪಿನ್ ಇಲ್ಲದ ಆ ಮೂಲೆಯೇ ನಿಮಗೆ ದಿಕ್ಕು ತೋರಿಸುವ ಗುರುತು. ಬೋರ್ಡನ್ನು ಅಥವಾ ನಿಮ್ಮ ನೋಟವನ್ನು ಹೇಗಾದರೂ ತಿರುಗಿಸಿ, ಖಾಲಿ ಜಾಗ ಮೇಲಿನ ಸಾಲಿನ ಬಲತುದಿಗೆ ಬರುವಂತೆ ಮಾಡಿಕೊಳ್ಳಿ. ಈಗ ಮೇಲಿನ ಸಾಲಿನಲ್ಲಿ ಎಡದಿಂದ ಮೊದಲ ಎರಡು ಪಿನ್‌ಗಳು ಪವರ್ ದೀಪಕ್ಕೆ, ಪ್ಲಸ್ ಮೊದಲು, ಮೈನಸ್ ನಂತರ. ಅದರ ಮುಂದಿನ ಎರಡು ಪವರ್ ಸ್ವಿಚ್ಚಿಗೆ. ಕೆಳಗಿನ ಸಾಲಿನಲ್ಲಿ ಮೊದಲ ಎರಡು ಹಾರ್ಡ್‌ಡಿಸ್ಕ್ ದೀಪಕ್ಕೆ, ಇಲ್ಲಿಯೂ ಪ್ಲಸ್ ಎಡಕ್ಕೆ; ಮುಂದಿನ ಎರಡು ರೀಸೆಟ್ ಸ್ವಿಚ್ಚಿಗೆ; ಖಾಲಿ ಜಾಗದ ನೇರ ಕೆಳಗಿರುವ ಐದನೆಯ ಪಿನ್ನನ್ನು ಹಾಗೆಯೇ ಬಿಟ್ಟುಬಿಡಿ.

ಇದು ಬಹಳಷ್ಟು ಬೋರ್ಡುಗಳು ಅನುಸರಿಸುವ ಜೋಡಣೆಯಾದರೂ ಕಾನೂನೇನಲ್ಲ. ಹೆಚ್ಚು ಪಿನ್‌ಗಳಿರುವ, ಸ್ಪೀಕರ್ ಅನ್ನೂ ಇದರಲ್ಲೇ ಸೇರಿಸಿಕೊಂಡಿರುವ ಬೋರ್ಡುಗಳೂ ಇವೆ. ಆದ್ದರಿಂದ ಬೋರ್ಡಿನ ಕೈಪಿಡಿಯಲ್ಲಿ ಈ ಭಾಗದ ಚಿತ್ರವನ್ನು ಒಮ್ಮೆ ಹೋಲಿಸಿ ನೋಡಿ. ಎಫ್ ಪ್ಯಾನೆಲ್, ಜೆಎಫ್‌ಪಿ 1, ಪ್ಯಾನೆಲ್ 1 ಎಂಬ ಹೆಸರುಗಳಲ್ಲಿ ಯಾವುದಾದರೊಂದು ಅಲ್ಲಿರುತ್ತದೆ. ಪಿನ್‌ಗಳ ಪಕ್ಕದಲ್ಲಿಯೇ ಬೋರ್ಡಿನ ಮೇಲೆ ಮುದ್ರಿಸಿರುವ ಅಕ್ಷರಗಳು ಅತಿ ಸಣ್ಣವಾಗಿದ್ದು, ಯಾವ ಅಕ್ಷರ ಯಾವ ಪಿನ್ನಿಗೆ ಸೇರಿದ್ದೆಂದು ತಿಳಿಯುವುದು ಕಷ್ಟ. ಅವುಗಳಿಗಿಂತ ಕೈಪಿಡಿಯ ಚಿತ್ರವೇ ಮೇಲು.

ಇನ್ನು ತಿರುವುಮುರುವಾಗುವ ಭಯದ ವಿಷಯ. ಪವರ್ ಮತ್ತು ರೀಸೆಟ್ ಸ್ವಿಚ್ಚುಗಳಿಗೆ ಪ್ಲಸ್, ಮೈನಸ್ ಎಂಬ ಭೇದವೇ ಇಲ್ಲ. ಗುಂಡಿಯನ್ನು ಒತ್ತಿದಾಗ ಎರಡು ತಂತಿಗಳು ಕ್ಷಣಕಾಲ ಒಂದನ್ನೊಂದು ಮುಟ್ಟುತ್ತವೆ, ಬಿಟ್ಟಾಗ ದೂರವಾಗುತ್ತವೆ; ಮದರ್‌ಬೋರ್ಡ್ ಆ ಸ್ಪರ್ಶವನ್ನು ಗಮನಿಸಿ ಎಸ್‌ಎಂಪಿಎಸ್‌ಗೆ ಚಾಲೂ ಆಗುವಂತೆ ಸೂಚಿಸುತ್ತದೆ. ಹೀಗಾಗಿ ಕನೆಕ್ಟರನ್ನು ಹೇಗೆ ತಿರುಗಿಸಿ ಹಾಕಿದರೂ ಕೆಲಸ ಒಂದೇ. ಎಲ್‌ಇಡಿ ದೀಪಗಳು ಹಾಗಲ್ಲ. ಅವುಗಳಲ್ಲಿ ವಿದ್ಯುತ್ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ತಿರುಗಿಸಿ ಹಾಕಿದರೆ ದೀಪ ಉರಿಯುವುದಿಲ್ಲ, ಅಷ್ಟೇ. ಬೋರ್ಡಿಗೆ ಹಾನಿಯಿಲ್ಲ, ಕನೆಕ್ಟರನ್ನು ತೆಗೆದು ತಿರುಗಿಸಿ ಹಾಕಿದರೆ ಸರಿಹೋಗುತ್ತದೆ. ಸಾಮಾನ್ಯವಾಗಿ ಬಣ್ಣದ ತಂತಿ ಪ್ಲಸ್, ಬಿಳಿ ಅಥವಾ ಕಪ್ಪು ತಂತಿ ಮೈನಸ್. ಕೆಲವು ಕನೆಕ್ಟರ್‌ಗಳಲ್ಲಿ ಪ್ಲಸ್ ಬದಿಗೆ ಪುಟ್ಟ ತ್ರಿಕೋನದ ಗುರುತೂ ಇರುತ್ತದೆ. ಎಲ್ಲ ತಂತಿಗಳೂ ಕಪ್ಪಾಗಿರುವ ಕ್ಯಾಬಿನೆಟ್‌ನಲ್ಲಿ ಈ ತ್ರಿಕೋನವೊಂದೇ ಆಧಾರ. ಅಂಥ ತಂತಿಗಳನ್ನು ಯಾರ ಅನುಕೂಲಕ್ಕಾಗಿ ಮಾಡುತ್ತಾರೋ ಗೊತ್ತಿಲ್ಲ.

ಪವರ್ ದೀಪದ ಕನೆಕ್ಟರ್ ಮಾತ್ರ ಎರಡು ಬಿಡಿ ತುಂಡುಗಳಾಗಿ ಬಂದಿರುವುದಕ್ಕೂ ಕಾರಣವಿದೆ. ಕೆಲವು ಬೋರ್ಡುಗಳಲ್ಲಿ ಈ ದೀಪದ ಎರಡು ಪಿನ್‌ಗಳು ಅಕ್ಕಪಕ್ಕದಲ್ಲಿದ್ದರೆ, ಇನ್ನು ಕೆಲವುಗಳಲ್ಲಿ ಅವುಗಳ ನಡುವೆ ಒಂದು ಪಿನ್ನಿನ ಅಂತರವಿರುತ್ತದೆ. ತುಂಡುಗಳು ಬಿಡಿಯಾಗಿದ್ದರೆ ಎರಡಕ್ಕೂ ಒದಗುತ್ತವೆ.

ಜೋಡಿಸುವ ಮುನ್ನ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ, ವಿದ್ಯುತ್ ತಂತಿಯನ್ನೂ ಕಿತ್ತಿಡಿ. ಕಂಪ್ಯೂಟರ್ ಆಫ್ ಆಗಿ ಕಾಣುತ್ತಿದ್ದರೂ ತಂತಿ ಸಿಕ್ಕಿಸಿರುವವರೆಗೆ ಬೋರ್ಡಿನಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಪಿನ್‌ಗಳ ನಡುವಿನ ಅಂತರ 2.54 ಮಿಲಿಮೀಟರ್ ಮಾತ್ರವಾದ್ದರಿಂದ, ಒಂದು ಕನೆಕ್ಟರ್ ಸಿಕ್ಕಿಸಿದ ಮೇಲೆ ಪಕ್ಕದ್ದಕ್ಕೆ ಬೆರಳು ಹೋಗುವುದು ಕಷ್ಟ. ಇದಕ್ಕೆ ನನಗೆ ಹಿಡಿಸಿದ ಕ್ರಮವೆಂದರೆ, ಐದೂ ಕನೆಕ್ಟರ್‌ಗಳನ್ನು ಅವು ಪಿನ್‌ಗಳ ಮೇಲೆ ನಿಲ್ಲಬೇಕಾದ ಕ್ರಮದಲ್ಲಿಯೇ ಬೆರಳುಗಳ ನಡುವೆ ಒಂದೇ ಗಟ್ಟಿಯಂತೆ ಹಿಡಿದು, ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಮೊದಲೇ ಒಟ್ಟಿಗೆ ಪಿನ್‌ಗಳ ಮೇಲೆ ನೇರವಾಗಿ ಒತ್ತುವುದು. ಓರೆಯಾಗಿ ಒತ್ತಿದರೆ ಪಿನ್ ಬಾಗುತ್ತದೆ.

ಇಲ್ಲಿ ನಿಜವಾಗಿ ತೊಂದರೆ ಕೊಡುವ ತಪ್ಪೆಂದರೆ ಕನೆಕ್ಟರ್ ಒಂದು ಪಿನ್ನಿನಷ್ಟು ಪಕ್ಕಕ್ಕೆ ಸರಿದು ಕೂರುವುದು. ಉದಾಹರಣೆಗೆ, ಪವರ್ ಸ್ವಿಚ್ಚಿನ ಕನೆಕ್ಟರ್ ಒಂದು ಸ್ಥಾನ ಬಲಕ್ಕೆ ಜರುಗಿದೆಯೆನ್ನೋಣ. ಆಗ ಅದರ ಒಂದು ರಂಧ್ರ ಸ್ವಿಚ್ಚಿನ ಎರಡನೆಯ ಪಿನ್ನಿನ ಮೇಲೂ, ಇನ್ನೊಂದು ಪಿನ್ನೇ ಇಲ್ಲದ ಖಾಲಿ ಮೂಲೆಯ ಮೇಲೂ ಕೂರುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಗುಂಡಿ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ, ಮತ್ತು ಅನುಮಾನ ಎಸ್‌ಎಂಪಿಎಸ್‌ನ ಮೇಲೋ ಬೋರ್ಡಿನ ಮೇಲೋ ತಿರುಗುತ್ತದೆ. ಹಾಗೆಂದು ಎಲ್ಲವನ್ನೂ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಪವರ್ ಸ್ವಿಚ್ಚಿನ ಕನೆಕ್ಟರನ್ನು ತೆಗೆದು, ವಿದ್ಯುತ್ ಕೊಟ್ಟು, ಆ ಎರಡು ಪಿನ್‌ಗಳನ್ನು ಮಾತ್ರ ಸ್ಕ್ರೂಡ್ರೈವರ್‌ನ ತುದಿಯಿಂದ ಅರೆಕ್ಷಣ ಒಟ್ಟಿಗೆ ಮುಟ್ಟಿಸಿ. ಫ್ಯಾನುಗಳು ತಿರುಗಿದರೆ ದೋಷವಿರುವುದು ಕನೆಕ್ಟರಿನಲ್ಲಿ, ತಂತಿಯಲ್ಲಿ ಅಥವಾ ಗುಂಡಿಯಲ್ಲಿ. ತಿರುಗದಿದ್ದರೆ ಎಸ್‌ಎಂಪಿಎಸ್‌ನಿಂದ ಬರುವ ದೊಡ್ಡ ಕನೆಕ್ಟರ್‌ಗಳನ್ನು ನೋಡಬೇಕು. ಮುಟ್ಟಿಸುವಾಗ ತುದಿ ಬೇರೆ ಪಿನ್‌ಗಳಿಗೆ ತಾಗದಿರಲಿ. ಮೇಲೆ ಹೇಳಿದ ಬಳಕೆಯಿಲ್ಲದ ಪಿನ್ನಿನಲ್ಲಿ ಕೆಲವು ಬೋರ್ಡುಗಳು 5 ವೋಲ್ಟ್ ಇಟ್ಟಿರುತ್ತವೆ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಉಂಟು. ಕಂಪ್ಯೂಟರ್ ಚಾಲೂ ಆಗಿ ನಾಲ್ಕೈದು ಸೆಕೆಂಡಿನಲ್ಲಿ ತಾನೇ ಆರಿಹೋದರೆ, ಗುಂಡಿ ಒಳಗೆ ಸಿಕ್ಕಿಕೊಂಡಿರಬಹುದೆಂದು ಮೊದಲು ಸಂಶಯಿಸಿ. ಪವರ್ ಗುಂಡಿಯನ್ನು ನಾಲ್ಕು ಸೆಕೆಂಡ್‌ಗಿಂತ ಹೆಚ್ಚು ಕಾಲ ಒತ್ತಿ ಹಿಡಿದರೆ ಬಲವಂತವಾಗಿ ಆರಿಸುವುದು ಬೋರ್ಡಿನ ನಿಯಮ. ಒತ್ತಿದ ಗುಂಡಿ ಮೇಲೆದ್ದು ಬರದಿದ್ದರೆ ಬೋರ್ಡಿಗೆ ನೀವೇ ಹಿಡಿದಿದ್ದೀರೆಂದು ತೋರುತ್ತದೆ. ಫ್ಯಾನುಗಳು ತಿರುಗುತ್ತಲೇ ಇದ್ದು ಪರದೆಯಲ್ಲಿ ಏನೂ ಮೂಡದಿದ್ದರೆ ರೀಸೆಟ್ ಸ್ವಿಚ್ಚಿನ ಕನೆಕ್ಟರನ್ನು ತೆಗೆದು ನೋಡಿ. ಅದರ ಗುಂಡಿ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ರೀಸೆಟ್ ಇಲ್ಲದೆಯೂ ಕಂಪ್ಯೂಟರ್ ಸಂಪೂರ್ಣವಾಗಿ ಕೆಲಸ ಮಾಡುತ್ತದೆ.

ಎಲ್ಲವೂ ಸರಿಯಾಗಿ ಚಾಲೂ ಆದ ಮೇಲೆ ಹಾರ್ಡ್‌ಡಿಸ್ಕ್ ದೀಪ ಮಾತ್ರ ಮಿನುಗದಿದ್ದರೆ, ಮೊದಲು ಕನೆಕ್ಟರನ್ನು ತಿರುಗಿಸಿ ಹಾಕಿ ನೋಡಿ. ಆಗಲೂ ಮಿನುಗದಿದ್ದರೆ, ಬೋರ್ಡಿನ ಮೇಲೆಯೇ ಕೂರುವ ಎನ್‌ವಿಎಂಇ ಡ್ರೈವ್ ಒಂದನ್ನೇ ನೀವು ಬಳಸುತ್ತಿದ್ದೀರೇ ಎಂಬುದನ್ನು ಗಮನಿಸಿ: ಈ ದೀಪವನ್ನು ಸಾಟಾ ಡ್ರೈವ್‌ಗಳ ಚಟುವಟಿಕೆಗೆ ಮಾತ್ರ ಉರಿಸುವ ಬೋರ್ಡುಗಳಿವೆ, ಅಂಥಲ್ಲಿ ತಂತಿಯನ್ನು ಎಷ್ಟು ಸರಿಯಾಗಿ ಹಾಕಿದರೂ ದೀಪ ಮಿನುಗುವುದಿಲ್ಲ.