ಥರ್ಮಾಮೀಟರ್ ಒಡೆದರೆ ಕಸಬರಿಗೆ ಹಿಡಿಯಬೇಡಿ

ಜ್ವರದ ಹಂಗಾಮು ಶುರುವಾದರೆ ನನ್ನ ದವಾಖಾನೆಗೆ ಥರ್ಮಾಮೀಟರ್ ಒಡೆದವರ ಫೋನೂ ಶುರುವಾಗುತ್ತವೆ. ಡಿಜಿಟಲ್ ಬಂದು ಎಷ್ಟೋ ವರ್ಷವಾದರೂ ಹುಬ್ಬಳ್ಳಿ-ಧಾರವಾಡದ ಬಹಳ ಮನೆಗಳ ಕಪಾಟಿನಲ್ಲಿ ಹಳೆಯ ಗಾಜಿನ ಕೊಳವೆ ಇನ್ನೂ ಇದೆ. ಕೇಳುವವರೆಲ್ಲರ ಮೊದಲ ಚಿಂತೆ ಒಂದೇ: ಮಗು ಪಾದರಸ ನುಂಗಿದ್ದರೆ? ನಾನು ಕೇಳುವುದು ಬೇರೆ: ಕಸ ಹೊಡೆದಿರೇನು?

ನುಂಗಿದ ಪಾದರಸ ಕರುಳಿನಲ್ಲಿ ಹೀರಲ್ಪಡುವುದು ಅತ್ಯಲ್ಪ, ಹೆಚ್ಚುಕಡಿಮೆ ಎಲ್ಲವೂ ಮಲದಲ್ಲಿ ಹೋಗಿಬಿಡುತ್ತದೆ. ಅಲ್ಲಿ ನೋಡಬೇಕಾದದ್ದು ಬಾಯಿ, ಗಂಟಲಿಗೆ ಗಾಜು ಚುಚ್ಚಿದೆಯೇ ಎಂಬುದನ್ನು. ವಾಂತಿ ಮಾಡಿಸಬಾರದು. ಆದರೆ ಅದೇ ಪಾದರಸ ಆವಿಯಾಗಿ ಉಸಿರಿನಲ್ಲಿ ಹೋದರೆ ಸುಮಾರು ಶೇ 80ರಷ್ಟು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಮೇಲೆ ಅಂಬೆಗಾಲಿಡುವ ಕೂಸು ಆ ಹನಿಗಳ ಪಕ್ಕದಲ್ಲೇ ಮೂಗಿಟ್ಟುಕೊಂಡು ಆಡುತ್ತಿರುತ್ತದೆ.

ಧಾರವಾಡದ ಒಬ್ಬ ತಾಯಿ ಹೋದ ಬೇಸಿಗೆಯಲ್ಲಿ ಫೋನ್ ಮಾಡಿದ್ದರು. ಮೂರು ವರ್ಷದ ಮಗನ ಜ್ವರ ನೋಡುವಾಗ ಕೊಳವೆ ಮಂಚದ ಅಂಚಿಗೆ ಬಡಿದು ಒಡೆದಿತ್ತು. ಅರ್ಧ ಪಾದರಸ ಕೌದಿಯ ಮೇಲೆ, ಅರ್ಧ ಶಹಾಬಾದ್ ಕಲ್ಲಿನ ನೆಲದ ಮೇಲೆ. "ಕಸಬರಗಿಲೆ ಬಳದು ಹೊರಗ ಹಾಕೇನ್ರಿ ಡಾಕ್ಟ್ರ, ಎರಡ ಸಲ ಒರಸೇನ್ರಿ. ಆದ್ರೂ ಮೂಲ್ಯಾಗ ಇನ್ನಾ ಮಿಂಚಾಕತ್ತೈತ್ರಿ" ಅಂದರು. ಒಡೆದಾಗ ಇದ್ದದ್ದು ನಾಲ್ಕೈದು ದೊಡ್ಡ ಹನಿ. ಕಸ ಹೊಡೆದ ಮೇಲೆ ಎಣಿಸಲಾಗದಷ್ಟು ಚುಕ್ಕಿಗಳು.

ಜ್ವರದ ಥರ್ಮಾಮೀಟರಿನಲ್ಲಿ ಇರುವುದು ಅರ್ಧ ಗ್ರಾಮಿನಿಂದ ಒಂದು ಗ್ರಾಮಿನ ಆಸುಪಾಸು ಪಾದರಸ. ಅರ್ಧ ಗ್ರಾಂ ಎಂದರೆ ಸುಮಾರು 4 ಮಿಲಿಮೀಟರ್ ಅಗಲದ ಒಂದೇ ಗುಂಡು. ಆವಿ ಏಳುವುದು ಗುಂಡಿನ ಮೈಯಿಂದ ಮಾತ್ರ, ಒಳಗಿನಿಂದಲ್ಲ. ಕಸಬರಿಗೆಯ ಕಡ್ಡಿ ಆ ಗುಂಡನ್ನು 0.4 ಮಿಲಿಮೀಟರಿನ ಚೂರುಗಳಾಗಿ ಒಡೆದರೆ ಸಾವಿರ ಗುಂಡುಗಳಾಗುತ್ತವೆ. ಪಾದರಸ ಅಷ್ಟೇ ಇದೆ, ಆವಿ ಬಿಡುವ ಮೈ ಮಾತ್ರ ಹತ್ತು ಪಟ್ಟಾಯಿತು. ಇನ್ನೊಂದು ಸಂಗತಿ ಇದೆ. ಅಲುಗಾಡದೆ ಬಿದ್ದ ಹನಿಯ ಮೇಲೆ ಧೂಳು ಮತ್ತು ಆಕ್ಸೈಡಿನ ತೆಳುವಾದ ಪೊರೆ ಕಟ್ಟಿ ಆವಿ ತುಸು ನಿಧಾನವಾಗುತ್ತದೆ. ಪ್ರತಿ ಸಲ ಕಸ ಹೊಡೆದಾಗ, ಕಾಲಿಂದ ತುಳಿದಾಗ ಆ ಪೊರೆ ಹರಿದು ಹೊಸ ಮೈ ತೆರೆದುಕೊಳ್ಳುತ್ತದೆ. ಕಡ್ಡಿಗಳ ಸಂದಿಯಲ್ಲಿ ಕೂತ ಚುಕ್ಕಿಗಳು ಮರುದಿನ ಅಡಿಗೆಮನೆಗೂ ದೇವರ ಕೋಣೆಗೂ ಹೋಗುತ್ತವೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಪಾದರಸವನ್ನು ಒಳಗೆ ಎಳೆದು ಬಿಸಿಗಾಳಿಯೊಂದಿಗೆ ಆವಿ ಮಾಡಿ ಕೋಣೆಗೇ ಊದುತ್ತದೆ. ನಮ್ಮ ಬೇಸಿಗೆಯೂ ಇದಕ್ಕೆ ಕೂಡಿಕೊಳ್ಳುತ್ತದೆ: 20 ಡಿಗ್ರಿಗಿಂತ 30 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ಪಾದರಸದ ಆವಿ ಎರಡು ಪಟ್ಟಿಗಿಂತ ಹೆಚ್ಚು.

ಆ ತಾಯಿಗೆ ನಾನು ಮೊದಲು ಹೇಳಿದ್ದು ಮಗುವನ್ನು ಕರೆದುಕೊಂಡು ಹೊರಗೆ ಬನ್ನಿ ಎಂದು. ಕೋಣೆಯಲ್ಲಿ ನಡೆದಾಡಿದ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ಮನೆಯೊಳಗಿನ ಬಾಗಿಲು ಹಾಕಿ, ಬೀದಿ ಕಡೆಯ ಕಿಟಕಿ ತೆಗೆದು, ಫ್ಯಾನ್ ಬಂದ್ ಮಾಡಿ. ಆಮೇಲೆ ಕೈಯ ಉಂಗುರ, ಬಂಗಾರದ ಬಳೆ, ಕೊರಳ ತಾಳಿ ತೆಗೆದಿಡಿ. ಪಾದರಸ ತಾಗಿದ ಕಡೆ ಬಂಗಾರ ಕ್ಷಣದಲ್ಲಿ ಬೆಳ್ಳಗಾಗುತ್ತದೆ, ತಿಕ್ಕಿದರೆ ಹೋಗುವುದಿಲ್ಲ. ಹಾಗೇನಾದರೂ ಆಗಿದ್ದರೆ ಒಲೆಗೆ ಹಿಡಿಯಬೇಡಿ, ಪತ್ತಾರರಿಗೆ ಕೊಡುವಾಗ ಪಾದರಸ ತಾಗಿದೆ ಎಂದು ಬಾಯಿಬಿಟ್ಟು ಹೇಳಿ. ಅವರು ಊದುಗೊಳವೆಯಿಂದ ಕಾಯಿಸಿದರೆ ಆ ಆವಿ ನೇರ ಅವರ ಮುಖಕ್ಕೇ ಬರುತ್ತದೆ.

ಬೇಕಾದ ಸಾಮಾನು ಎಲ್ಲ ಮನೆಯಲ್ಲೂ ಸಿಗುತ್ತದೆ: ರಬ್ಬರ್ ಕೈಗವಸು, ಸೂಜಿ ಇಲ್ಲದ ಸಿರಿಂಜ್, ಅಗಲವಾದ ಸೆಲೋ ಟೇಪ್, ತಿರುವಿ ಮುಚ್ಚುವ ಪ್ಲಾಸ್ಟಿಕ್ ಔಷಧಿ ಬಾಟಲಿ, ಟಾರ್ಚ್, ಎರಡು ಗಟ್ಟಿ ಲಗ್ನಪತ್ರಿಕೆ. ಮೊದಲು ಗಾಜಿನ ಚೂರು ಎತ್ತಿ ಕಾಗದದಲ್ಲಿ ಸುತ್ತಿಡಿ. ಬಳಿಕ ಒಂದು ಪತ್ರಿಕೆಯನ್ನು ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದರ ಅಂಚಿನಿಂದ ಹೊರಗಿನ ಹನಿಗಳನ್ನು ನಿಧಾನವಾಗಿ ನಡುವಿಗೆ ದೂಡುತ್ತ ಬನ್ನಿ. ಪಾದರಸ ಕಲ್ಲಿಗೆ ಅಂಟುವುದಿಲ್ಲ, ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಎರಡು ಹನಿ ಮುಟ್ಟಿದ ತಕ್ಷಣ ಒಂದಾಗುತ್ತವೆ, ನೋಡುನೋಡುತ್ತ ನೂರು ಚುಕ್ಕಿ ಮತ್ತೆ ಒಂದೇ ಗುಂಡಾಗುತ್ತದೆ. ಕಸಬರಿಗೆ ಮಾಡಿದ್ದಕ್ಕೆ ಇದು ಸರಿ ಎದುರು ಕೆಲಸ. ಗುಂಡನ್ನು ಸಿರಿಂಜಿನಿಂದ ಎಳೆದು, ತಳದಲ್ಲಿ ಒಂದಿಷ್ಟು ನೀರಿರುವ ಬಾಟಲಿಗೆ ಬಿಡಿ. ಪಾದರಸ ತಳಕ್ಕೆ ಹೋಗಿ ನೀರು ಮೇಲಿದ್ದರೆ ಆವಿ ತಡೆಯುತ್ತದೆ.

ಇನ್ನು ಕಣ್ಣಿಗೆ ಕಾಣದವು. ಕಿಟಕಿಯ ಪರದೆ ಎಳೆದು, ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಅಡ್ಡಲಾಗಿ ಹಿಡಿದು, ಗೋಡೆಯ ಬುಡ, ಮಂಚದ ಕಾಲು, ಕಲ್ಲುಗಳ ಸಂದು ನೋಡಿ. ಮೇಲಿನಿಂದ ಬೆಳಕು ಬಿಟ್ಟರೆ ಕಾಣದ ಚುಕ್ಕಿ ಅಡ್ಡ ಬೆಳಕಿಗೆ ಥಳಕ್ಕೆಂದು ಹೊಳೆಯುತ್ತದೆ. ಅವುಗಳ ಮೇಲೆ ಟೇಪ್ ಒತ್ತಿ ಎತ್ತಿ. ಒಡೆದ ಜಾಗ ಅಷ್ಟೇ ಅಲ್ಲ, ಇಡೀ ಕೋಣೆ ನೋಡಬೇಕು, ಹನಿಗಳು ಬಹಳ ದೂರ ಉರುಳುತ್ತವೆ. ಶಹಾಬಾದ್ ಕಲ್ಲಿನ ಸಂದಿನಲ್ಲಿ ಇಳಿದದ್ದನ್ನು ಸಿರಿಂಜ್ ಕೂಡ ಎಳೆಯದಿದ್ದರೆ ಗಂಧಕದ ಪುಡಿ ಉದುರಿಸಬಹುದು. ಬ್ಯಾಡಗಿ ಕಡೆ ಮೆಣಸಿನಕಾಯಿಯ ಬೂದಿರೋಗಕ್ಕೆ ಹೊಡೆಯುವ ಗಂಧಕ ಯಾವ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಅದು ಪಾದರಸದೊಂದಿಗೆ ಕೂಡಿ ಆವಿಯಾಗದ ಗಟ್ಟಿ ಪದಾರ್ಥವಾಗುತ್ತದೆ, ಆದರೆ ಬಹಳ ನಿಧಾನವಾಗಿ. ಹೀಗಾಗಿ ಮೊದಲು ಎತ್ತುವುದು, ಉಳಿದದ್ದಕ್ಕೆ ಗಂಧಕ. ಎತ್ತದೆ ಮೇಲೆ ಪುಡಿ ಸುರಿದು ಮುಗಿಯಿತು ಎಂದರೆ ಅಡಿಯಲ್ಲಿ ಪಾದರಸ ಹಾಗೇ ಇರುತ್ತದೆ.

ಕೌದಿಯದು ಮನಸ್ಸಿಗೆ ಕಷ್ಟದ ವಿಷಯ. ಅಜ್ಜಿ ಹೊಲಿದದ್ದು, ಒಗೆದು ಉಳಿಸಿಕೊಳ್ಳುತ್ತೇನೆ ಎಂದರು ಆ ತಾಯಿ. ಐದಾರು ಪದರದ ಹಳೆ ಬಟ್ಟೆ, ಒತ್ತೊತ್ತು ಹೊಲಿಗೆ. ಚುಕ್ಕಿಗಳು ಒಳಗೆ ಇಳಿದರೆ ಹೊರಗೆ ಬರುವುದಿಲ್ಲ. ಒಗೆದರೆ ಬಕೆಟ್, ವಾಷಿಂಗ್ ಮಷೀನ್, ಬಚ್ಚಲ ಮೋರಿ ಎಲ್ಲಕ್ಕೂ ಪಾದರಸ ಹರಡುತ್ತದೆ. ಹನಿ ಬಿದ್ದ ಕೌದಿಯನ್ನು, ನವಲಗುಂದದ ಜಮಖಾನೆಯೇ ಆಗಿರಲಿ, ಕೊಡವದೆ ಒಳಮಡಿಕೆಯಾಗಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ದಾರಿ. ಹಳ್ಳಿಯ ಮನೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವಾದರೆ, ಬಿದ್ದ ಜಾಗದ ಮೇಲ್ಪದರದ ಮಣ್ಣನ್ನು ಕೆರೆದು ತೆಗೆಯಬೇಕು. ಅದರ ಮೇಲೆ ಮತ್ತೆ ಸಾರಿಸಿದರೆ ಪಾದರಸ ಅಲ್ಲೇ ಉಳಿಯುತ್ತದೆ.

ಕಸ ಹೊಡೆದಾಗಿದೆ, ಒರೆಸಿಯಾಗಿದೆ ಎನ್ನುವವರಿಗೂ ದಾರಿ ಇದೆ. ಆ ಕಸಬರಿಗೆ, ಒರೆಸಿದ ಅರಿವೆ, ಕಸದ ಮೊರ ಮತ್ತೆ ಬಳಸದೆ ಕಟ್ಟಿಡಿ. ಕಸ ಹಾಕಿದ ಡಬ್ಬಿಯಲ್ಲೂ ಟಾರ್ಚ್ ಬಿಟ್ಟು ನೋಡಿ, ಮೇಲೆ ಹೇಳಿದ ಕೆಲಸವನ್ನು ಮೊದಲಿನಿಂದ ಮಾಡಿ. ಕೆಲಸ ಮುಗಿದ ಮೇಲೆ ಒಂದು ದಿನ ಕಿಟಕಿ ತೆರೆದಿಟ್ಟು, ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಇಷ್ಟು ಮಾಡಿದ ಮನೆಯಲ್ಲಿ ಒಂದು ಥರ್ಮಾಮೀಟರಿನಿಂದ ಯಾರೂ ಕಾಯಿಲೆ ಬೀಳುವ ಸಂಭವ ತೀರ ಕಡಿಮೆ. ಪಾದರಸ ಬೆಂಕಿಗೆ ಬಿದ್ದು, ಕೆಲವು ತಾಸಿನಲ್ಲಿ ಕೆಮ್ಮು, ದಮ್ಮು, ಜ್ವರ ಬಂದರೆ ಮಾತ್ರ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದಲೇ ಒರೆಸಿದ ಕಾಗದ, ಟೇಪ್ ಯಾವುದನ್ನೂ ನೀರು ಕಾಯಿಸುವ ಬಚ್ಚಲ ಒಲೆಗೆ ಹಾಕಬೇಡಿ.

ಬಾಟಲಿಯ ಮೇಲೆ 'ಪಾದರಸ' ಎಂದು ಬರೆದು, ಕಟ್ಟಿಟ್ಟ ಚೀಲದ ಜೊತೆ ಮಕ್ಕಳ ಕೈಗೆ ಸಿಗದ ಕಡೆ, ಮನೆಯ ಹೊರಗಿನ ನೆರಳಿನಲ್ಲಿ ಇಡಿ. 2016ರ ಘನತ್ಯಾಜ್ಯ ನಿಯಮಗಳು ಒಡೆದ ಪಾದರಸದ ಥರ್ಮಾಮೀಟರನ್ನು ಹೆಸರಿಸಿಯೇ ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದವು. ಪಾಲಿಕೆಯ ಕಸದ ಗಾಡಿ ಬಂದಾಗ ಹಸಿ ಕಸ, ಒಣ ಕಸದ ಡಬ್ಬಿಗೆ ಹಾಕದೆ ಪ್ರತ್ಯೇಕವಾಗಿ ಪೌರಕಾರ್ಮಿಕರ ಕೈಗೆ ಕೊಟ್ಟು, ಒಳಗೇನಿದೆ ಎಂದು ತಿಳಿಸಿ. ಬರಿಗೈಯಲ್ಲಿ ಅದನ್ನು ಬಿಚ್ಚಿ ನೋಡುವುದು ಅವರೇ.